ಕೈಗೆ ಬಳೆ, ಬಾಯಿಗೆ ಕೋಡುಬಳೆ

ನಮ್ಮ ಚಿಕ್ಕಮ್ಮ ಮೈಸೂರಲ್ಲಿ ಒಂದು ಪುಟ್ಟ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿದಾರೆ, ಕೋಡುಬಳೆ ನಿಪ್ಪಟ್ಟು ಚಕ್ಕುಲಿ ಹುರಿಗಾಳು, ಹಬ್ಬದ ಹೊತ್ತಲ್ಲಿ ಹೋಳಿಗೆ ಕಜ್ಜಾಯ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ "ಪುಟ್ಟಾ, ಪೇಂಟರ್ ನಾಳೆ ಬರ್ತಾನೆ, ಗೋಡೆಗೆ ಹಾಕೋ ಪೋಸ್ಟರ್‌ಗೆ ಒಂದು ಸಾಲು ಬೇಕು, ಓದಿದೋರ ಬಾಯಲ್ಲಿ ಉಳ್ಕೋಬೇಕು, ನೀನು ಕನ್ನಡ ಎಂಎ ಮಾಡಿದೀಯಲ್ಲ ಬಂದು ಬರ್ಕೊಡು" ಅಂದ್ರು. ಫ್ಲೆಕ್ಸ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ರು, ನಮ್ಮ ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಇದೆ. ಅದಕ್ಕೆ ಮರದ ಫ್ರೇಮಿಗೆ ಬಿಳಿ ಬಟ್ಟೆ ಬಿಗಿದು ಕೈಯಲ್ಲೇ ಬರೆಸೋದು ಅಂತ ಆಗಿತ್ತು, ಅಳತೆ 6 ಅಡಿ ಅಗಲ 2 ಅಡಿ ಎತ್ತರ.

ನಾನು ಬಸ್ಸಲ್ಲಿ ಕೂತೇ ಬರೆಯೋಕೆ ಶುರು ಮಾಡ್ದೆ. ಸ್ಲೋಗನ್ ಅಂದ ತಕ್ಷಣ ಎಲ್ಲರೂ ಮಾಡೋದು ಒಂದೇ, ಒಂದು ಅಕ್ಷರ ಹಿಡ್ಕೊಂಡು ಎಲ್ಲಾ ಪದಾನೂ ಅದರಿಂದಲೇ ಶುರು ಮಾಡೋದು. ನಾನೂ ಅದನ್ನೇ ಮಾಡ್ದೆ. "ಕರಿದ ಕುರುಕಲು, ಕಾಸಿಗೆ ಕಡಿಮೆ, ಕೈರುಚಿಗೆ ಖಾತ್ರಿ". ಆರು ಪದ, ಆರೂ ಕ (ಖಾತ್ರಿಯ ಖ ನಮ್ಮ ಮಾತಲ್ಲಿ ಹೆಚ್ಚುಕಮ್ಮಿ ಕ ಆಗೇ ಹೋಗುತ್ತೆ, ಅದು ತೊಂದರೆ ಇಲ್ಲ). ಕಾಗದದ ಮೇಲೆ ಚೆನ್ನಾಗೇ ಕಾಣ್ತಿತ್ತು.

ಅಂಗಡಿಗೆ ಹೋಗಿ ಚಿಕ್ಕಮ್ಮನಿಗೆ, ಚಿಕ್ಕಪ್ಪನಿಗೆ, ಅವರ ಮೊಮ್ಮಗಳಿಗೆ ಒಂದೊಂದು ಸಲ ಓದಿ ಹೇಳ್ದೆ, ಅವಳಿಗೆ ಏಳು ವರ್ಷ. ಕಾಫಿ ಕುಡಿದು ಆದ್ಮೇಲೆ, ಅಂದ್ರೆ ಅರ್ಧ ಗಂಟೆ ಬಿಟ್ಟು, ಆ ಸಾಲು ಏನಿತ್ತು ಹೇಳಿ ಅಂದೆ. ಚಿಕ್ಕಪ್ಪ "ಎಲ್ಲಾ ಕ ಕ ಕ ಇತ್ತಪ್ಪ, ಕುರುಕಲು ಕಡಿಮೆ ಅಂತ ಏನೋ" ಅಂದ್ರು. ಉಳಿದ ಇಬ್ಬರಿಗಂತೂ ಒಂದು ಪದಾನೂ ಸಾಲಾಗಿ ಬರ್ಲಿಲ್ಲ. ಕ ಅನ್ನೋದು ಇತ್ತು ಅಂತ ನೆನಪಿದೆ, ಯಾವ ಕ ಆದ್ಮೇಲೆ ಯಾವ ಕ ಅನ್ನೋದು ನೆನಪಿಲ್ಲ. ಮೊದಲಕ್ಷರ ಒಂದೇ ಆದ್ರೆ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕೂತ್ಕೊಂಡು ಬಿಡ್ತಾವೆ, ಒಂದಕ್ಕೊಂದು ಕೊಂಡಿ ಇರಲ್ಲ.

ಎರಡನೇದು ಗಾದೆ ಹಿಡ್ಕೊಂಡೆ, "ಕಾಸಿಗೆ ತಕ್ಕ ಕಜ್ಜಾಯ". ಇದು ಎಲ್ಲರಿಗೂ ಮೊದಲೇ ಬಾಯಿಗೆ ಬಂದಿರೋದು, ನೆನಪಿನ ಸಮಸ್ಯೆನೇ ಇಲ್ಲ. ಚಿಕ್ಕಮ್ಮ ಒಂದೇ ಮಾತಲ್ಲಿ ತೆಗೆದು ಹಾಕಿದ್ರು. "ಅದು ಕಮ್ಮಿ ದುಡ್ಡು ಕೊಟ್ರೆ ಕಮ್ಮಿ ಮಾಲು ಅನ್ನೋಕೆ ಹೇಳೋ ಮಾತು ಕಣೋ, ಹತ್ತು ರೂಪಾಯಿ ಹಿಡ್ಕೊಂಡು ಬರೋ ಮಗೂಗೂ ನಾನು ಅದೇ ಡಬ್ಬದಿಂದ ಕೊಡೋದು" ಅಂದ್ರು. ಗಾದೆ ತಗೊಂಡ್ರೆ ಅದರ ಜೊತೆ ಅದನ್ನ ಇಷ್ಟು ದಿನ ಯಾವ ಸಂದರ್ಭದಲ್ಲಿ ಬಳಸಿದಾರೋ ಆ ಸಂದರ್ಭಾನೂ ಅಂಗಡಿ ಗೋಡೆ ಮೇಲೆ ಬಂದು ಕೂರುತ್ತೆ. ಅವರು ಹೇಳಿದ್ದು ಸರಿ.

ಮೂರನೇದು ನನಗೆ ತುಂಬಾ ಇಷ್ಟ ಆಗಿತ್ತು, "ಹಬ್ಬಕ್ಕೆ ಹೋಳಿಗೆ, ಹಸಿವಿಗೆ ಹುರಿಗಾಳು". ಒಳಗೆ ಬಾಣಲೆ ಮುಂದೆ ಕೂರೋ ಅಕ್ಕ ನಂಜನಗೂಡು ಕಡೆ ಹಳ್ಳಿಯೋರು, ಅವರ ಕೈಲಿ ಓದಿಸ್ದೆ. "ಅಬ್ಬಕ್ಕೆ ಓಳ್ಗೆ, ಅಸಿವ್ಗೆ ಉರ್ಗಾಳು". ನಾಲ್ಕು ಹ ಇದ್ದಿದ್ದು ಅ, ಓ, ಅ, ಉ ಆಯ್ತು. ಪ್ರಾಸಾನೇ ಇಲ್ಲ! ಹಳೇ ಮೈಸೂರು ಸೀಮೆಲಿ ಹ ಬಿಟ್ಟು ಮಾತಾಡೋರು ಎಷ್ಟೋ ಜನ, ಅಂಗಡಿಗೆ ಬರೋರಲ್ಲೂ ಅವರೇ ಜಾಸ್ತಿ, ಅವರ ಬಾಯಲ್ಲಿ ನಿಲ್ಲದೇ ಇರೋ ಪ್ರಾಸ ಕಣ್ಣಿಗೆ ಮಾತ್ರ ಕಾಣೋ ಪ್ರಾಸ. ಅವರ ಮಾತು ಸರಿಯಾಗೇ ಇದೆ, ನನ್ನ ಸಾಲೇ ಅವರಿಗೆ ಹೊಂದಲ್ಲ. ಆವತ್ತಿಂದ ಅಂಗಡಿ ಸಾಲಿಗೆ ಹ ಮೇಲೆ ಭಾರ ಹಾಕಬಾರದು ಅಂತ ಬರ್ದಿಟ್ಕೊಂಡಿದೀನಿ.

ಅಷ್ಟರಲ್ಲಿ ಗಿರಾಕಿ ಒಬ್ಬರು ಬಂದು "ಸಂಜೆ ನೆಂಟರು ಬರ್ತಾರೆ, ತಿಂಡಿ ಗಿಂಡಿ ಏನಾದ್ರೂ ಕಟ್ಟಿ ಕೊಡಿ ಅಮ್ಮ" ಅಂದ್ರು. ನಾನು ಅಲ್ಲೇ ಸ್ಟೂಲ್ ಮೇಲೆ ಕೂತಿದ್ದೆ, ಆ ತಿಂಡಿ ಗಿಂಡಿ ಕಿವಿಗೆ ಬಿದ್ದು ಹಾಗೇ ನಿಂತ್ಕೊಂಡ್ತು. ನಾವು ದಿನಾ ಹೇಳ್ತೀವಿ, ಮನೆ ಗಿನೆ, ಕಾಫಿ ಗೀಫಿ, ಹಣ್ಣು ಗಿಣ್ಣು, ಪುಸ್ತಕ ಗಿಸ್ತಕ. ಇಲ್ಲಿ ಮೊದಲಕ್ಷರ ಬದಲಾಗುತ್ತೆ, ಎರಡನೇದರಿಂದ ಮುಂದೆ ಎಲ್ಲಾ ಹಾಗೇ ಇರುತ್ತೆ. ಇನ್ನೂ ಒಂದು ವಿಷಯ ನೋಡಿ, ಮನೆಯ ಮ ಗಿಡ್ಡ ಅದಕ್ಕೆ ಗಿ ಬರುತ್ತೆ, ಕಾಫಿಯ ಕಾ ಉದ್ದ ಅದಕ್ಕೆ ಗೀ ಬರುತ್ತೆ, ಕಾಫಿ ಗಿಫಿ ಅಂತ ಯಾರೂ ಅನ್ನಲ್ಲ.

ಇದು ನಾನು ಎಂಎಲಿ ಓದಿದ್ದ ಆದಿಪ್ರಾಸದ ನಿಯಮನೇ! ಹಳೇ ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದರ ಹಿಂದಿನ ಸ್ವರ ಗಿಡ್ಡ ಇದ್ರೆ ಎಲ್ಲಾ ಸಾಲಲ್ಲೂ ಗಿಡ್ಡ, ಉದ್ದ ಇದ್ರೆ ಎಲ್ಲದರಲ್ಲೂ ಉದ್ದ. ಗಿಡ್ಡಕ್ಕೆ ಸಿಂಹಪ್ರಾಸ, ಉದ್ದಕ್ಕೆ ಗಜಪ್ರಾಸ, ನಡುವೆ ಸೊನ್ನೆ ಬಂದ್ರೆ ವೃಷಭ, ಅದೇ ಅಕ್ಷರದ ಒತ್ತು ಬಂದ್ರೆ ಹಯ, ಬೇರೆ ಒತ್ತು ಬಂದ್ರೆ ಶರಭ. ಆ ಲೆಕ್ಕಕ್ಕೆ ಮನೆ ಗಿನೆ ಸಿಂಹ, ಕಾಫಿ ಗೀಫಿ ಗಜ, ತಿಂಡಿ ಗಿಂಡಿ ವೃಷಭ, ಹಣ್ಣು ಗಿಣ್ಣು ಹಯ, ಪುಸ್ತಕ ಗಿಸ್ತಕ ಶರಭ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಅಂಗಡಿ ಕೌಂಟರ್ ಮುಂದೆ ನಡೀತಾ ಇತ್ತು, ನನಗೆ ಮೈ ಜುಮ್ ಅಂತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಈ ಪ್ರಾಸ ಬಿಟ್ಟು ಪದ್ಯ ಬರೆದ್ರು, ಆಮೇಲೆ ಕವಿಗಳು ಒಬ್ಬೊಬ್ಬರಾಗಿ ಬಿಟ್ರು, ಆದ್ರೆ ಜನರ ಕಿವಿ ಬಿಟ್ಟಿಲ್ಲ.

ಆಮೇಲೆ ನೋಡ್ತಾ ಹೋದ್ರೆ ಎಲ್ಲಾ ಕಡೆ ಅದೇ. ಕೈ ಕೆಸರಾದರೆ ಬಾಯಿ ಮೊಸರು, ಕೆಸರು ಮೊಸರು ಎರಡರಲ್ಲೂ ಎರಡನೇ ಅಕ್ಷರ ಸ. ದುಡ್ಡೇ ದೊಡ್ಡಪ್ಪ ಅನ್ನೋದರಲ್ಲಿ ಮೊದಲಕ್ಷರದ ದ ಕೂಡ ಸೇರುತ್ತೆ, ಎರಡನೇ ಡ್ಡ ಕೂಡ ಸೇರುತ್ತೆ, ಅದಕ್ಕೇ ಅದು ಅಷ್ಟು ಗಟ್ಟಿ. ಎಲ್ಲಾ ಹೋಟೆಲ್ ಬೋರ್ಡಲ್ಲೂ ಇರೋ ಶುಚಿ ರುಚಿ ಕೂಡ ಎರಡನೇ ಅಕ್ಷರದ ಚಿ ಮೇಲೇ ನಿಂತಿದೆ. ಅದು ಒಳ್ಳೇ ಜೋಡಿ, ಆದ್ರೆ ಎಷ್ಟು ಗೋಡೆ ಮೇಲೆ ಬಂದಿದೆ ಅಂದ್ರೆ ಈಗ ಯಾರೂ ಓದಲ್ಲ, ಅದನ್ನ ಮತ್ತೆ ಬರೆಸೋದು ಬಟ್ಟೆ ದಂಡ.

ಮಧ್ಯಾಹ್ನದ ಹೊತ್ತಿಗೆ ಎರಡು ಸಾಲು ಕೈಯಲ್ಲಿದ್ವು. ಒಂದು, "ಚಿಂತೆಗೆ ಚಕ್ಕರ್, ಚಕ್ಕುಲಿಗೆ ಹಾಜರ್". ಕೆಲಸಕ್ಕೆ ಚಕ್ಕರ್ ಊಟಕ್ಕೆ ಹಾಜರ್ ಅಂತ ಹೇಳ್ತೀವಲ್ಲ ಅದರ ಮೇಲೆ ಕಟ್ಟಿದ್ದು, ಚಕ್ಕರ್ ಚಕ್ಕುಲಿ ಅಂತ ಎರಡೆರಡು ಅಕ್ಷರ ಸೇರುತ್ತೆ. ಚಿಕ್ಕಪ್ಪ ಇದನ್ನ ಕೇಳಿ ಇದೇ ಇರಲಿ ಅಂದ್ರು. ಇನ್ನೊಂದು ಹೊಳೆದಿದ್ದು ಪಕ್ಕದಂಗಡಿ ನೋಡಿ. ಪಕ್ಕದಲ್ಲಿರೋದು ಬಳೆ ಅಂಗಡಿ, ನಮ್ಮ ಡಬ್ಬದಲ್ಲಿರೋದು ಕೋಡುಬಳೆ, ಹೆಸರಲ್ಲೇ ಬಳೆ ಇದೆ, ಆಕಾರಾನೂ ಬಳೆನೇ. "ಕೈಗೆ ಬಳೆ, ಬಾಯಿಗೆ ಕೋಡುಬಳೆ". ಕೈ ಬಾಯಿ ಅನ್ನೋ ಜೋಡಿ ಆ ಕೆಸರು ಮೊಸರು ಗಾದೆಯಿಂದ ಎಲ್ಲರ ಕಿವಿಲೂ ಮೊದಲೇ ಇದೆ. ಮೊದಲರ್ಧದಲ್ಲಿ ಕ ಆಮೇಲೆ ಬ, ಎರಡನೇ ಅರ್ಧದಲ್ಲಿ ಬ ಆಮೇಲೆ ಕ, ಮತ್ತೆ ಬ ಬಂದು ಮುಗಿಯುತ್ತೆ, ಎರಡೂ ಕಡೆ ಕೊನೆಗೆ ಬಳೆ. ಆದ್ರೆ ಎರಡು ಬಳೆಗೂ ಅರ್ಥ ಬೇರೆ. ಬರೀ ಸದ್ದು ಒಂದೇ ಆಗಿದ್ರೆ ಸಾಲು ಖಾಲಿ ಅನ್ನಿಸ್ತಿತ್ತು, ಇಲ್ಲಿ ಕೇಳಿದೋರು ಅರೆಕ್ಷಣ ನಿಂತು ಎರಡನೇ ಬಳೆ ಬೇರೆ ಅಂತ ಹಿಡೀತಾರೆ, ಆ ಅರೆಕ್ಷಣಕ್ಕೇ ಅದು ನೆನಪಲ್ಲಿ ಉಳಿಯೋದು.

ಚಿಕ್ಕಪ್ಪನಿಗೆ ಒಂದು ಅನುಮಾನ. "ಕೈಗೆ ಬಳೆ ಅಂದ್ರೆ ಗಂಡಸರಿಗೆ ಬೈಯೋ ಮಾತಾಗಲ್ವಾ?" ಬಳೆ ತೊಟ್ಕೊಂಡಿದೀಯಾ ಅನ್ನೋ ಬೈಗುಳ ಅವರ ತಲೆಲಿತ್ತು. ಅನುಮಾನ ನ್ಯಾಯವಾದದ್ದೇ, ಕಜ್ಜಾಯದ ಗಾದೆಗೆ ಆಗಿದ್ದು ಇದಕ್ಕೂ ಆಗಬಹುದಿತ್ತು. ಆದ್ರೆ ಬೈಗುಳ ಇರೋದು ತೊಟ್ಕೊ ಅನ್ನೋ ಕ್ರಿಯಾಪದದಲ್ಲಿ, ನಮ್ಮ ಸಾಲಲ್ಲಿ ಕ್ರಿಯಾಪದನೇ ಇಲ್ಲ. ಖಾತ್ರಿಗೆ ಅಂತ ಬಂದ ನಾಲ್ಕು ಗಂಡಸರಿಗೆ ಓದಿ ಹೇಳ್ದೆ, ನಾಲ್ಕೂ ಜನ ಕೋಡುಬಳೆ ಡಬ್ಬದ ಕಡೆಗೇ ನೋಡಿದ್ರು. ಮೊಮ್ಮಗಳಂತೂ ಅರ್ಧ ಗಂಟೆ ಆದ್ಮೇಲೆ ನಾನು ಕೇಳೋಕೆ ಮುಂಚೆನೇ ಅದನ್ನ ಹಾಡ್ಕೊಂಡು ಓಡಾಡ್ತಿದ್ಲು.

ಆದ್ರೂ ಚಕ್ಕರ್ ಚಕ್ಕುಲಿನಾ ಕೋಡುಬಳೆನಾ ಅಂತ ತೀರ್ಮಾನ ಆಗಿದ್ದು ಸೋಮವಾರ ಬೆಳಿಗ್ಗೆ ಪೇಂಟರ್ ಅಣ್ಣ ಬಂದ್ಮೇಲೆ. ಅವರು ಎರಡೂ ಸಾಲನ್ನ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು "ಸಾರ್, ಚಕ್ಕುಲಿಗೆ ಒತ್ತು ಇದೆ, ಚಕ್ಕರಿಗೂ ಇದೆ, ಜಾಗ ತಿನ್ನುತ್ತೆ" ಅಂದ್ರು. ಲೆಕ್ಕ ಹಾಕಿ ತೋರ್ಸಿದ್ರು. ಎತ್ತರ 24 ಇಂಚು, ಮೇಲೆ ಕೆಳಗೆ ಎರಡೆರಡು ಇಂಚು ಬಿಟ್ರೆ 20. ಎರಡು ಸಾಲು ಬರೀಬೇಕು. ಒತ್ತಕ್ಷರ ಇದ್ರೆ ಅಕ್ಷರದ ಕೆಳಗೆ ಅದರ ಅರ್ಧದಷ್ಟು ಜಾಗ ಬಿಡಬೇಕು, ಹಾಗಾಗಿ ಅಕ್ಷರ 6 ಇಂಚಿಗೆ ಇಳಿಯುತ್ತೆ. ಕೈಗೆ ಬಳೆ ಸಾಲಲ್ಲಿ ಹನ್ನೊಂದು ಅಕ್ಷರ, ಒಂದಕ್ಕೂ ಒತ್ತಿಲ್ಲ, ಕೈಯ ಐತ್ವದ ಬಾಲ ಒಂದು ಮಾತ್ರ ಕೆಳಗಿಳಿಯುತ್ತೆ, ಅದನ್ನ ಅವರು ಎರಡು ಸಾಲಿನ ಸಂದಿಲಿ ಸೇರಿಸ್ತಾರೆ. ಅಲ್ಲಿಗೆ 8 ಇಂಚಿನ ಅಕ್ಷರ ಬರುತ್ತೆ. ಅವರ ಲೆಕ್ಕ ಇಂಚಿಗೆ ಹತ್ತು ಅಡಿ ದೂರ, 6 ಇಂಚು ಅಂದ್ರೆ 60 ಅಡಿ, 8 ಇಂಚು ಅಂದ್ರೆ 80. ರಸ್ತೆ ಆಚೆ ಬಸ್ ಸ್ಟಾಪ್ ಇರೋದು ಹೆಚ್ಚುಕಮ್ಮಿ 70 ಅಡಿಗೆ. ಚಿಕ್ಕಮ್ಮನೂ ಸೇರಿಸಿದ್ರು, "ಚಕ್ಕುಲಿ ವಾರಕ್ಕೆ ಎರಡೇ ದಿನ ಮಾಡೋದು, ಕೋಡುಬಳೆ ದಿನಾ ಇರುತ್ತೆ, ಇಲ್ಲದೇ ಇರೋದನ್ನ ಗೋಡೆ ಮೇಲೆ ಕೂಗ್ಬಾರ್ದು".

ಪೆನ್ಸಿಲ್ ಗೆರೆ ಹಾಕಿದ್ಮೇಲೆ ನೋಡ್ತೀನಿ, ಎರಡು ಕಡೆನೂ ಬಲೆ ಅಂತಿದೆ! ಕೈಗೆ ಬಲೆ, ಬಾಯಿಗೆ ಕೋಡುಬಲೆ. ಗಿರಾಕಿನ ಬಲೆಗೆ ಹಾಕ್ಕೊಳ್ಳೋ ಅಂಗಡಿ ಅಂತ ಆಗ್ತಿತ್ತು. ಈ ಸಾಲು ಪೂರ್ತಿ ಒಂದು ಳ ಮೇಲೆ ನಿಂತಿದೆ, ಲ ಆದ್ರೆ ಮುಗೀತು. ಪೇಂಟರ್ ಅಣ್ಣ ಬೇಜಾರು ಮಾಡ್ಕೊಳ್ಳದೆ ಒರೆಸಿ ತಿದ್ದಿದ್ರು, ಎರಡು ಳೆ ಅಕ್ಷರಕ್ಕೆ ಮಾತ್ರ ಕೆಂಪು ಬಣ್ಣ ಹಾಕಿ ಉಳಿದಿದ್ದಕ್ಕೆ ನೀಲಿ ಹಾಕಿದ್ರು, ಬಸ್ ಸ್ಟಾಪಿಂದ ನೋಡಿದ್ರೆ ಮೊದಲು ಅವೆರಡೇ ಕಾಣೋದು.

ಮಧ್ಯಾಹ್ನ ಫ್ರೇಮ್ ಗೋಡೆಗೆ ಹೊಡೀತಿದ್ದಾಗ ಪಕ್ಕದ ಬಳೆ ಅಂಗಡಿ ಅಮ್ಮ ಹೊರಗೆ ಬಂದು ನಿಧಾನಕ್ಕೆ ಓದಿದ್ರು. ಆಮೇಲೆ ಪೇಂಟರ್ ಹತ್ರ ಹೋಗಿ, ಡಬ್ಬದಲ್ಲಿ ಇನ್ನೂ ಕೆಂಪು ಬಣ್ಣ ಉಳಿದಿದೆಯಾ ಅಂತ ಕೇಳಿ, ಮೊದಲನೇ ಸಾಲಿನ ಬಳೆ ಪಕ್ಕ ತಮ್ಮ ಬಾಗಿಲ ಕಡೆಗೆ ಒಂದು ಬಾಣದ ಗುರುತು ಹಾಕ್ಸಿದ್ರು. ಅರ್ಧ ದುಡ್ಡು ತಾವು ಕೊಡ್ತೀನಿ ಅಂದ್ರು, ಚಿಕ್ಕಮ್ಮ ತಗೊಳ್ಳಲಿಲ್ಲ, ಒಂದು ಪೊಟ್ಟಣ ಕೋಡುಬಳೆ ಕಟ್ಟಿ ಅವರ ಕೈಗಿಟ್ರು.