ಮೊಗ್ಗು ಉದುರಿಸಿದ ಗಿಡ ಈ ವರ್ಷ ಹೂ ಬಿಟ್ಟಿತು

20 ಡಿಸೆಂಬರ್ 2025, ಶನಿವಾರ
ಮೈಸೂರು

ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದಾಗ ಕ್ರಿಸ್‌ಮಸ್ ಕ್ಯಾಕ್ಟಸ್‌ನಲ್ಲಿ ಮೊದಲ ಹೂ ಅರಳಿತ್ತು. ಕಡು ಗುಲಾಬಿ ಬಣ್ಣ, ದಳಗಳು ಹಿಂದಕ್ಕೆ ಮಡಚಿಕೊಂಡಿವೆ. ಅಮ್ಮನನ್ನು ಕೂಗಿ ಕರೆದೆ. ಇನ್ನೂ ಒಂಬತ್ತು ಮೊಗ್ಗು ಇವೆ.

ಕಳೆದ ಡಿಸೆಂಬರ್‌ನಲ್ಲಿ ಇದೇ ಗಿಡ ನನ್ನನ್ನು ತುಂಬಾ ಬೇಜಾರು ಮಾಡಿತ್ತು. ನರ್ಸರಿಯಿಂದ ತಂದಾಗ 14 ಮೊಗ್ಗು ಇದ್ದವು. ಎಲ್ಲರಿಗೂ ಕಾಣಲಿ ಅಂತ ಹಾಲ್‌ನಲ್ಲಿ ಇಟ್ಟೆ. ಎರಡು ದಿನದ ಮೇಲೆ ಬೆಳಕು ಸಾಲದು ಅನ್ನಿಸಿ ಊಟದ ಮೇಜಿನ ಪಕ್ಕಕ್ಕೆ ಸರಿಸಿದೆ. ಒಂದೇ ವಾರದಲ್ಲಿ 11 ಮೊಗ್ಗು ಉದುರಿದವು. ನೀರು ಕಡಿಮೆಯಾಗಿದ್ದರೆ ಎಲೆಯಂತಿರುವ ಆ ಚಪ್ಪಟೆ ಕಾಂಡಗಳು ಸುಕ್ಕಾಗಿ ಜೋತು ಬೀಳುತ್ತವೆ. ಜಾಸ್ತಿಯಾಗಿದ್ದರೆ ಬುಡ ಮೆತ್ತಗಾಗುತ್ತದೆ. ಎರಡೂ ಆಗಿರಲಿಲ್ಲ. ಬದಲಾಗಿದ್ದು ಜಾಗ, ಬೆಳಕು, ಬಿಸಿ. ಜೊತೆಗೆ ಆ ಮೇಜಿನ ಮೇಲೆ ಹಣ್ಣಾಗಲಿ ಅಂತ ಇಟ್ಟಿದ್ದ ಬಾಳೆಗೊನೆಯ ಎರಡು ಚಿಪ್ಪು! ಹಣ್ಣಾಗುವ ಬಾಳೆಯಿಂದ ಎಥಿಲೀನ್ ಅನಿಲ ಬರುತ್ತದೆ. ಈ ಗಿಡದ ಮೊಗ್ಗಿಗೆ ಅದು ಆಗಿಬರುವುದಿಲ್ಲ. ನಾನೇ ಗಿಡವನ್ನು ಅದರ ಪಕ್ಕಕ್ಕೆ ಕೊಂಡೊಯ್ದು ಇಟ್ಟಿದ್ದೆ.

ಮೊಗ್ಗು ಉಳಿಸಿಕೊಳ್ಳುವುದು ಒಂದು ಕೆಲಸ, ಮೊಗ್ಗು ಬರಿಸುವುದು ಇನ್ನೊಂದು. ಇದು ಬ್ರೆಜಿಲ್‌ನ ಕರಾವಳಿ ಬೆಟ್ಟಗಳಲ್ಲಿ ಮರದ ಮೇಲೆ, ಬಂಡೆ ಮೇಲೆ ಬೆಳೆಯುವ ಗಿಡ. ರಾತ್ರಿ ಉದ್ದವಾಗುತ್ತಾ ತಂಪಾಗುತ್ತಾ ಬಂದರೆ ಅದಕ್ಕೆ ಹೂವಿನ ಕಾಲ ಬಂತು ಅಂತ ಗೊತ್ತಾಗುತ್ತದೆ. ರಾತ್ರಿ 10ರಿಂದ 15 ಡಿಗ್ರಿ ಇದ್ದರೆ ಕತ್ತಲೆಯ ಲೆಕ್ಕ ಅಷ್ಟಾಗಿ ಬೇಕಿಲ್ಲ. ನಮ್ಮಲ್ಲಿ ಅಕ್ಟೋಬರ್ ರಾತ್ರಿ 20ರ ಹತ್ತಿರ ಇರುತ್ತದೆ. ಆಗ ದಿನಾ 13, 14 ಗಂಟೆ ಪೂರ್ತಿ ಕತ್ತಲೆ ಬೇಕು. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ರಾತ್ರಿಯೇ ಹನ್ನೆರಡೂವರೆ ಗಂಟೆ. ಅದರ ಮೇಲೆ ನಮ್ಮ ಹಾಲ್‌ನಲ್ಲಿ ಹನ್ನೊಂದರ ತನಕ ಲೈಟು. ಹಾಗೆ ಬಿಟ್ಟರೆ ಗಿಡಕ್ಕೆ ಉದ್ದ ರಾತ್ರಿ ಸಿಗುವುದಾದರೂ ಹೇಗೆ, ಅಲ್ವಾ?

ಸೆಪ್ಟೆಂಬರ್ ಕೊನೆಯಲ್ಲಿ ತುದಿಯಲ್ಲಿದ್ದ ಎಳೆಯ, ಪುಟ್ಟ ಕಾಂಡಗಳನ್ನು ಬೆರಳಲ್ಲಿ ತಿರುಚಿ ತೆಗೆದೆ. ಮೊಗ್ಗು ಬರುವುದು ಬಲಿತ ತುಂಡಿನ ತುದಿಯಲ್ಲಿ ಮಾತ್ರ. ಗೊಬ್ಬರವನ್ನೂ ನಿಲ್ಲಿಸಿದೆ. ದಸರಾ ಮುಗಿದ ಮೇಲೆ, ಅಕ್ಟೋಬರ್ 12ರಂದು, ಕುಂಡವನ್ನು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮಳೆ ಬೀಳದ ಮೂಲೆಗೆ ಇಟ್ಟೆ. ಮನೆಯಲ್ಲಿ ಅದೇ ತಂಪು ಜಾಗ. ಬೆಳಗಿನ ಬೆಳಕು ಚೆನ್ನಾಗಿ ಬರುತ್ತದೆ, ಮಧ್ಯಾಹ್ನದ ಬಿಸಿಲು ಇಲ್ಲ. ಆದರೆ ಕಾಂಪೌಂಡ್ ಆಚೆ ಬೀದಿ ದೀಪ ಇದೆ. ಅದಕ್ಕೇ ದಿನಾ ಸಂಜೆ ಆರಕ್ಕೆ ದಪ್ಪ ರಟ್ಟಿನ ಡಬ್ಬ ಮಗುಚಿ ಹಾಕುತ್ತಿದ್ದೆ, ಬೆಳಿಗ್ಗೆ ಎಂಟಕ್ಕೆ ತೆಗೆಯುತ್ತಿದ್ದೆ. ಡಬ್ಬದ ಮೇಲಿನ ಜೋಡಣೆಯಲ್ಲಿ ಬೆಳಕು ಸೋರುತ್ತಿತ್ತು, ಅಲ್ಲಿಗೆ ಹಳೇ ಕಪ್ಪು ಬಟ್ಟೆ ಹೊದಿಸಿದೆ. ನೀರು, ಮೇಲಿನ ಒಂದು ಬೆರಳು ಮಣ್ಣು ಒಣಗಿದಾಗ ಮಾತ್ರ.

"ದಿನಾ ಡಬ್ಬ ಮುಚ್ಚುತ್ತೀಯಲ್ಲೇ, ಅದಕ್ಕೆ ಉಸಿರು ಕಟ್ಟಲ್ವಾ?" ಅಂತ ಅಮ್ಮ.

"ಬುಡದಲ್ಲಿ ಇಟ್ಟಿಗೆ ಇಟ್ಟು ಸ್ವಲ್ಪ ಎತ್ತಿದ್ದೀನಮ್ಮ, ಗಾಳಿ ಆಡುತ್ತೆ" ಅಂದೆ. ಆ ಸಂದಿಯಿಂದ ಬೆಳಕು ಒಳಗೆ ಹೋಗದ ಹಾಗೆ ಬೀದಿ ದೀಪದ ಕಡೆ ಇಟ್ಟಿಗೆ ಒತ್ತಾಗಿ ಜೋಡಿಸಿದ್ದೆ.

ದೀಪಾವಳಿ ದಿನ ನೆಂಟರ ಗಡಿಬಿಡಿಯಲ್ಲಿ ಮುಚ್ಚುವುದು ಮರೆತೇಹೋಯಿತು. ಅವತ್ತು ತುಂಬಾ ಹೆದರಿದ್ದೆ. ಒಂದು ರಾತ್ರಿಗೆ ಎಲ್ಲಾ ಕೆಡಲಿಲ್ಲ, ಆದರೆ ಮತ್ತೆ ಒಂದು ದಿನವೂ ತಪ್ಪಿಸಲಿಲ್ಲ.

ನವೆಂಬರ್ 17ಕ್ಕೆ, ಐದು ವಾರ ಕಳೆದ ಮೇಲೆ, ಒಂದು ತುದಿಯಲ್ಲಿ ಸಾಸಿವೆಕಾಳಿನಷ್ಟು ಕೆಂಪು ಚುಕ್ಕೆ ಕಂಡಿತು. ಹೊಸ ತುಂಡು ಇರಬಹುದಾ ಅಂತ ಅನುಮಾನ. ಹೊಸ ತುಂಡು ಚಪ್ಪಟೆಯಾಗಿ ಬರುತ್ತದೆ, ಮೊಗ್ಗು ದುಂಡಗೆ ಚೂಪಾಗಿರುತ್ತದೆ. ನಾಲ್ಕು ದಿನ ನೋಡಿದೆ, ದುಂಡಗೇ ಬೆಳೆಯಿತು. ಒಂದು ವಾರದಲ್ಲಿ ಹನ್ನೆರಡು ಮೊಗ್ಗು! ಮೊಗ್ಗು ಚೆನ್ನಾಗಿ ಕಂಡ ಮೇಲೆ ಡಬ್ಬ ಬೇಕಿಲ್ಲ, ತೆಗೆದಿಟ್ಟೆ. ಕುಂಡವನ್ನು ಮಾತ್ರ ಅಲುಗಿಸಲಿಲ್ಲ, ಒಂದು ಸುತ್ತೂ ತಿರುಗಿಸಲಿಲ್ಲ. ಒಂದು ಸಲ ಮಣ್ಣು ತೀರಾ ಒಣಗಲು ಬಿಟ್ಟಿದ್ದಕ್ಕೆ ಎರಡು ಮೊಗ್ಗು ಹೋದವು. ಉಳಿದಿದ್ದು ಹತ್ತು.

ಇವತ್ತು ಮಗಳು ಗಿಡ ಹಾಲ್‌ಗೆ ತರೋಣ ಅಂದಳು. ಬೇಡ ಅಂದೆ. ಅವಳ ಕುರ್ಚಿಯನ್ನೇ ಹಿತ್ತಿಲಿಗೆ ಹಾಕಿಕೊಟ್ಟೆ, ಅಲ್ಲೇ ಕೂತು ಕಾಫಿ ಕುಡಿದಳು. ಅಡುಗೆಮನೆಯ ಬಾಳೆಹಣ್ಣಿನ ಬುಟ್ಟಿಯನ್ನು ಅಮ್ಮ ತಾನಾಗಿಯೇ ಮುಂದಿನ ಕೋಣೆಗೆ ಒಯ್ದಿಟ್ಟಿದ್ದಾಳೆ.