ಬಾಗಿದ ಸ್ಲ್ಯಾಬ್: ಎಷ್ಟು ಬಾಗಿದೆ, ಯಾವಾಗ ಬಾಗಿತು?

ಮೈಸೂರಿನ ಒಂದು ಮನೆಯ ಮೊದಲ ಮಹಡಿಯ ಸ್ಲ್ಯಾಬ್ ಜೋತುಬಿದ್ದಿದೆ ಎಂದು ಕರೆ ಬಂತು. ಕೆಳಗಿನ ಹಾಲ್‌ನಲ್ಲಿ ನಿಂತು ತಲೆಯೆತ್ತಿದರೆ ಬಾಗು ಬರಿಗಣ್ಣಿಗೇ ಕಾಣುತ್ತಿತ್ತು. ಒಬ್ಬರು ಕಂಬಿ ತುಕ್ಕು ಹಿಡಿದಿದೆ ಎಂದಿದ್ದರು, ಇನ್ನೊಬ್ಬರು ಸಿಮೆಂಟ್ ಕಡಿಮೆ ಹಾಕಿದ್ದಾರೆ ಎಂದಿದ್ದರು. ಇಬ್ಬರೂ ಏನನ್ನೂ ಅಳೆದಿರಲಿಲ್ಲ.

ಕಾರಣ ಹುಡುಕುವ ಮೊದಲು ಬಾಗು ಎಷ್ಟು, ಅದು ಯಾವ ಹಂತದಲ್ಲಿ ಬಂದದ್ದು ಎಂಬುದನ್ನು ಬಿಡಿಸಿಕೊಳ್ಳಬೇಕು. ಕಾಂಕ್ರೀಟ್ ಹಾಕುವಾಗಲೇ ಅದನ್ನು ಹೊರುವ ತಾತ್ಕಾಲಿಕ ಅಚ್ಚು, ಅಂದರೆ ಸೆಂಟ್ರಿಂಗ್ ಕುಸಿದಿದ್ದರೆ ಸ್ಲ್ಯಾಬ್‌ನ ತಳ ಹುಟ್ಟಿನಿಂದಲೇ ಬಾಗಿರುತ್ತದೆ. ಮೇಲ್ಭಾಗವನ್ನು ಮೇಸ್ತ್ರಿ ಮಟ್ಟ ಮಾಡಿರುತ್ತಾನೆ. ಅಲ್ಲಿ ಸ್ಲ್ಯಾಬ್ ಮಧ್ಯದಲ್ಲಿ ದಪ್ಪವಾಗಿರುತ್ತದೆ, ಅಷ್ಟೇ. ನಿಜವಾದ ಬಾಗು ಸೆಂಟ್ರಿಂಗಿಗೆ ಊರೆಯಾಗಿ ಕೊಟ್ಟ ಪ್ರಾಪ್ ತೆಗೆದ ಮೇಲೆ ಶುರುವಾಗುತ್ತದೆ. ಟೈಲ್ಸನ್ನು ಮಟ್ಟವಾಗಿ ಹಾಸಿದ್ದರೆ, ಈಗ ಅದರಲ್ಲಿ ಕಾಣುವ ತಗ್ಗು ಹಾಸಿದ ನಂತರದ್ದು ಮಾತ್ರ.

ಹಾಗಾಗಿ ಮೇಲೂ ಕೆಳಗೂ ಮಟ್ಟ ತೆಗೆದೆವು. ಲೆವೆಲ್ ಉಪಕರಣ ನಿಲ್ಲಿಸಿ, ಅಳತೆಯ ಕೋಲಾದ ಸ್ಟಾಫನ್ನು ತಲೆಕೆಳಗಾಗಿ ಹಿಡಿದು ಸೀಲಿಂಗಿನ ಅಳತೆ. ಬಳಿಕ ಮಹಡಿಯಲ್ಲಿ ಟೈಲ್ಸ್ ಮೇಲೆ ಅದೇ ಬಿಂದುಗಳಲ್ಲಿ ಮತ್ತೊಮ್ಮೆ. ಮೊದಲು ನಾಲ್ಕೂ ಗೋಡೆಯಂಚಿನ ಮಟ್ಟ ನೋಡಿದೆ. ಒಂದು ಅಂಚೇ ಇಳಿದಿದ್ದರೆ ತೊಂದರೆ ತೊಲೆಯಲ್ಲೋ ಪಾಯದಲ್ಲೋ ಇರುತ್ತದೆ, ಸ್ಲ್ಯಾಬನ್ನು ದೂರಿ ಫಲವಿಲ್ಲ. ಇಲ್ಲಿ ಅಂಚುಗಳು ಸರಿಯಿದ್ದವು. ಮಧ್ಯದಲ್ಲಿ ಸೀಲಿಂಗ್ 28 ಮಿ.ಮೀ. ಇಳಿದಿತ್ತು, ಟೈಲ್ಸ್ 11 ಮಿ.ಮೀ.

ನಂತರ ಕೋರ್ ಯಂತ್ರದಿಂದ ಎರಡು ಸಣ್ಣ ರಂಧ್ರ, ಒಂದು ಮಧ್ಯದಲ್ಲಿ, ಒಂದು ಅಂಚಿನ ಹತ್ತಿರ. ಟೈಲ್ಸ್ ಒಡೆಯುವುದಕ್ಕೆ ಮನೆಯ ಯಜಮಾನರು ಮುಖ ಗಂಟಿಕ್ಕಿದರು, ಅದು ಸಹಜವೇ. ಕಂಬಿ ಎಲ್ಲಿದೆ ಎಂದು ಕವರ್ ಮೀಟರ್‌ನಲ್ಲಿ ಗುರುತಿಸಿಕೊಂಡೇ ಕೊರೆದೆವು. ಕಾಂಕ್ರೀಟ್ ಅಂಚಿನಲ್ಲಿ 125 ಮಿ.ಮೀ., ಮಧ್ಯದಲ್ಲಿ 138. ಸೀಲಿಂಗಿನ ಪ್ಲಾಸ್ಟರ್ ಎರಡೂ ಕಡೆ ಒಂದೇ ದಪ್ಪ. ಅಂದರೆ 28ರಲ್ಲಿ 13 ಮಿ.ಮೀ. ಸೆಂಟ್ರಿಂಗಿನ ಪಾಲು. ಉಳಿದ 15ರಲ್ಲಿ 11 ಟೈಲ್ಸ್ ಹಾಸಿದ ಮೇಲೆ ಬಂದದ್ದು, 4 ಅದಕ್ಕೂ ಮೊದಲಿನದು. ಟೈಲ್ಸ್ ಅಡಿಯ ಗಾರೆಯೂ ಮಧ್ಯದಲ್ಲಿ ಸುಮಾರು 4 ಮಿ.ಮೀ. ಹೆಚ್ಚು ದಪ್ಪವಿದ್ದದ್ದು ಈ ಲೆಕ್ಕಕ್ಕೆ ಸಾಕ್ಷಿ. ಕಾಂಕ್ರೀಟಿನ ಮೇಲ್ಮೈ ಒರಟಾದ್ದರಿಂದ ಎರಡು ಮೂರು ಮಿ.ಮೀ. ಹೆಚ್ಚುಕಡಿಮೆ ಇದ್ದೇ ಇರುತ್ತದೆ; ಅಂಕಿಗಳು ಯಾವಾಗಲೂ ಇಷ್ಟು ಚೆಂದ ಹೊಂದುವುದಿಲ್ಲ.

ಸ್ಲ್ಯಾಬ್‌ನ ಕಿರಿದಾದ ಸ್ಪ್ಯಾನ್, ಅಂದರೆ ಎದುರುಬದುರು ಆಧಾರಗಳ ನಡುವಿನ ಅಂತರ, 4.2 ಮೀಟರ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಒಟ್ಟು ಬಾಗು ಸ್ಪ್ಯಾನಿನ 250ರಲ್ಲಿ ಒಂದು ಭಾಗ ಮೀರಬಾರದು, ಇಲ್ಲಿ ಸುಮಾರು 17 ಮಿ.ಮೀ. ಗೋಡೆ, ನೆಲಹಾಸು ಆದ ನಂತರದ ಬಾಗು 350ರಲ್ಲಿ ಒಂದು ಭಾಗ ಅಥವಾ 20 ಮಿ.ಮೀ., ಇವೆರಡರಲ್ಲಿ ಕಡಿಮೆಯದು, ಇಲ್ಲಿ 12. ಸೆಂಟ್ರಿಂಗಿನ ಪಾಲು ಬಿಟ್ಟರೆ ನಮ್ಮ ಅಳತೆ 15 ಮತ್ತು 11; ಎರಡೂ ಮಿತಿಯೊಳಗಿದ್ದವು, ಆದರೆ ಅಂಚಿನಲ್ಲೇ.

ಆ 11 ಮಿ.ಮೀ. ಎಲ್ಲಿಂದ ಬಂತು? ಮಹಡಿಯ ಹಾಲನ್ನು ಎರಡು ಕೋಣೆ ಮಾಡಲು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯನ್ನು ಟೈಲ್ಸ್ ಮೇಲೆಯೇ, ಸ್ಪ್ಯಾನಿನ ನಟ್ಟನಡುವೆ ಕಟ್ಟಿದ್ದರು. ಕೆಳಗೆ ತೊಲೆಯಿಲ್ಲ. ಮೂರು ಮೀಟರ್ ಎತ್ತರದ ಅಂಥ ಗೋಡೆ ಪ್ಲಾಸ್ಟರ್ ಸೇರಿ ಮೀಟರಿಗೆ ಏಳೆಂಟು ಕ್ವಿಂಟಲ್ ತೂಗುತ್ತದೆ. ಗೋಡೆಯ ಬಾಗಿಲು ಸಿಕ್ಕಿಕೊಳ್ಳುತ್ತಿತ್ತು, ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿತ್ತು. ಗೋಡೆಯ ಬುಡಕ್ಕೂ ಟೈಲ್ಸಿಗೂ ನಡುವೆ ಒಂದೆಡೆ ಕಾಗದ ತೂರುವಷ್ಟು ಸಂದು. ನೆಲ ಇಳಿದಾಗ ಗೋಡೆ ತಾನೇ ಕಮಾನಿನಂತೆ ನಿಂತುಬಿಡುತ್ತದೆ.

ಇನ್ನೊಂದು ಕಾರಣ ಕವರ್ ಮೀಟರ್ ತೋರಿಸಿತು. ಗೋಡೆಯಂಚಿನಲ್ಲಿ ಮೇಲ್ಗಡೆ 20 ಮಿ.ಮೀ. ಒಳಗಿರಬೇಕಾದ ಕಂಬಿ 50 ಮಿ.ಮೀ. ಒಳಗಿತ್ತು. ಕಾಂಕ್ರೀಟ್ ಹಾಕುವ ದಿನ ಕೆಲಸಗಾರರು ಕಂಬಿಯ ಮೇಲೇ ನಡೆದಾಡಿದರೆ, ಕೆಳಗೆ ಅದನ್ನು ಎತ್ತಿಹಿಡಿಯುವ ಚೇರ್ ಇಟ್ಟಿರದಿದ್ದರೆ, ಹೀಗೇ ಆಗುತ್ತದೆ. ಅಂಚು ಹಿಡಿತ ಕಳೆದುಕೊಂಡು ಬಾಗಿಸುವ ಒತ್ತಡ ಮಧ್ಯದಲ್ಲಿ ಹೆಚ್ಚುತ್ತದೆ. ಅಂಚಿನುದ್ದಕ್ಕೂ ಟೈಲ್ಸ್ ಸಂದಿಯಲ್ಲಿದ್ದ ಸೀಳು ಇದಕ್ಕೆ ಹೊಂದುತ್ತಿತ್ತು.

ತುಕ್ಕಿನ ಶಂಕೆ ಬೇಗ ನಿವಾರಣೆಯಾಯಿತು. ತುಕ್ಕಾಗಿದ್ದರೆ ಬಿರುಕು ಕಂಬಿಯ ಸಾಲಿಗೆ ಸರಿಯಾಗಿ ಓಡುತ್ತದೆ, ಕಂದು ಕಲೆ ಇರುತ್ತದೆ, ಬಡಿದರೆ ಡೊಳ್ಳು ಸದ್ದು ಬರುತ್ತದೆ. ಇಲ್ಲಿ ಸೀಲಿಂಗಿನ ನಡುವೆ 0.2 ಮಿ.ಮೀ. ಕೂದಲೆಳೆಯಂಥ ಬಿರುಕುಗಳಷ್ಟೇ ಇದ್ದವು.

ಬಾಗು ನಿಂತಿದೆಯೇ ಎಂಬುದನ್ನು ಒಂದು ಭೇಟಿ ಹೇಳುವುದಿಲ್ಲ. ಸೀಲಿಂಗಿಗೆ ಅಳತೆಯ ಗುರುತಿಗೆ ಉಕ್ಕಿನ ಸಣ್ಣ ಗುಂಡಿಗಳನ್ನು ಅಂಟಿಸಿ ತಿಂಗಳಿಗೊಮ್ಮೆ ಮಟ್ಟ ತೆಗೆಯುವ ವ್ಯವಸ್ಥೆ ಮಾಡಿದೆವು. ನಿರಂತರ ಹೊರೆಯಿಂದ ಕಾಂಕ್ರೀಟ್ ನಿಧಾನವಾಗಿ ಬಾಗುತ್ತಿದ್ದರೆ ವ್ಯತ್ಯಾಸ ಬರಬರುತ್ತಾ ಕಡಿಮೆಯಾಗಬೇಕು. ಒಂದೇ ಗತಿಯಲ್ಲಿ ಹೆಚ್ಚುತ್ತಿದ್ದರೆ ನನ್ನ ವಿವರಣೆ ತಪ್ಪು, ಕೂಡಲೇ ಹೊರೆ ಇಳಿಸಬೇಕು.

ಕೆಳಗಿಂದ ಜಾಕಿ ಕೊಟ್ಟು ಎತ್ತುವ ಸಲಹೆ ಬಂದಿತ್ತು. ವರದಿಯಲ್ಲಿ ಅದನ್ನು ಸ್ಪಷ್ಟವಾಗಿ ಬೇಡವೆಂದೆ. ಮಧ್ಯದಲ್ಲಿ ಬಲವಾಗಿ ಒತ್ತಿದರೆ ಸ್ಲ್ಯಾಬ್ ಅಲ್ಲಿ ಮೇಲ್ಗಡೆ ಬಿರಿಯುತ್ತದೆ, ಅಲ್ಲಿ ಮೇಲಿನ ಕಂಬಿಯೇ ಇಲ್ಲ. ಇಟ್ಟಿಗೆ ಗೋಡೆ ತೆಗೆದು ಹಗುರ ಬೋರ್ಡಿನ ಗೋಡೆ ಹಾಕುವುದು ನನ್ನ ಮೊದಲ ಆಯ್ಕೆ. ಗೋಡೆ ಇರಲೇಬೇಕೆಂದರೆ ಕೆಳಗೆ ಉಕ್ಕಿನ ತೊಲೆಯನ್ನು ಎತ್ತದೆ, ತಾಗುವಂತೆ ಮಾತ್ರ ಕೂರಿಸಿ, ಸಂದಿಗೆ ಕುಗ್ಗದ ಗ್ರೌಟ್ ತುಂಬಬೇಕು. ತೊಲೆಯ ತುದಿಗಳು ಕೂರುವ ಗೋಡೆಗಳ ಬಲವನ್ನು ಅದಕ್ಕೂ ಮೊದಲು ಲೆಕ್ಕ ಹಾಕಬೇಕು.