‘ಬಾಕಿ’ ಎಂದು ಬರೆದು ನಾನು ಮಾಡಿದ ಎಡವಟ್ಟು

ಕಾರವಾರದಲ್ಲಿ ಕುಳಿತು ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕ್ರಯಪತ್ರ, ಬಾಡಿಗೆ ಕರಾರು, ಆಗಾಗ ಸಾಲದ ಕರಾರು. ಸಾಲ ಕೊಡುವ ಒಂದು ಕಂಪನಿಯ ಕರಾರನ್ನು ಹಿಂದೆ ನಾನೇ ಕನ್ನಡ ಮಾಡಿಕೊಟ್ಟಿದ್ದೆ. ದುಡ್ಡು ಬಂತು, ಮರೆತೂ ಬಿಟ್ಟೆ.

ಈ ವರ್ಷ ಫೆಬ್ರವರಿಯಲ್ಲಿ ಮೀನು ಮಾರುವ ಹೆಂಗಸೊಬ್ಬರು ಅದೇ ಕರಾರು ಹಿಡಿದು ನನ್ನ ಬಳಿಗೆ ಬಂದರು. ಮನೆಮಾತು ಕೊಂಕಣಿ, ಆದರೆ ಕನ್ನಡ ಓದುತ್ತಾರೆ. ನಾನು ಟೀಚರ್ ಅಲ್ಲ. ಆದರೂ ಕಾಗದ ಓದಿ ಹೇಳುವವರೆಲ್ಲ ಅವರಿಗೆ ‘ಅಕ್ಕೋರು’.

‘ಅಕ್ಕೋರೆ, ಎರಡು ಕಾಗದದಲ್ಲಿ ಎರಡು ಬಡ್ಡಿ ಉಂಟಲ್ಲ, ಯಾವುದು ನಿಜ?’

ಕರಾರಿನಲ್ಲಿ ಶೇಕಡಾ 12 ಇತ್ತು. ಜೊತೆಗೆ ಕೊಟ್ಟಿದ್ದ ಮುಖ್ಯಾಂಶಗಳ ಹಾಳೆಯಲ್ಲಿ, ‘ವಾರ್ಷಿಕ ಒಟ್ಟು ವೆಚ್ಚದ ದರ’ ಎಂಬ ಸಾಲಿನ ಎದುರು 24.1. ಈ ಹಾಳೆಯನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೇಳಿತು. ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾದ ಇಂಥ ಸಾಲಗಳಿಗೆಲ್ಲ ಅದು ಕಡ್ಡಾಯ. ಇವರ ಸಾಲ 2025ರ ಜನವರಿಯದು. ಸ್ಕೂಟರ್ ಮತ್ತು ಐಸ್ ಪೆಟ್ಟಿಗೆಗೆಂದು ಒಂದು ಲಕ್ಷ, 24 ಕಂತು.

ಎರಡೂ ನಿಜ ಅಂದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು.

ಕರಾರಿನ 12 ‘ಫ್ಲಾಟ್’ ದರ. ನಾನು ಅದನ್ನು ‘ಸಮದರ’ ಎಂದು ಬರೆದಿದ್ದೆ. ಓದಿದವರಿಗೆ ಏನು ತಿಳಿಯಬೇಕು, ಹೇಳಿ? ಅದರ ಅರ್ಥ ಇಷ್ಟೇ: ಕಂತು ಕಟ್ಟುತ್ತಾ ಅಸಲು ಇಳಿಯುತ್ತಾ ಹೋದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಒಂದು ಲಕ್ಷದ ಮೇಲೇ. ವರ್ಷಕ್ಕೆ 12,000, ಎರಡು ವರ್ಷಕ್ಕೆ 24,000. 1,24,000ವನ್ನು 24ರಿಂದ ಭಾಗಿಸಿದರೆ ತಿಂಗಳಿಗೆ 5,167. ಅದೇ 12ನ್ನು ಇಳಿಯುವ ಅಸಲಿನ ಮೇಲೆ ಹಾಕಿದ್ದರೆ ಕಂತು 4,707 ಆಗುತ್ತಿತ್ತು, ಒಟ್ಟು ಬಡ್ಡಿ 13 ಸಾವಿರದ ಒಳಗೇ ಮುಗಿಯುತ್ತಿತ್ತು. ಇನ್ನೊಂದು, ಕೈಗೆ ಬಂದದ್ದೂ ಒಂದು ಲಕ್ಷ ಅಲ್ಲ. ಶೇಕಡಾ 2 ಪ್ರೊಸೆಸಿಂಗ್ ಶುಲ್ಕ, ಅದಕ್ಕೆ ಜಿಎಸ್‌ಟಿ, ಸೇರಿ 2,360 ಮುರಿದುಕೊಂಡು 97,640 ಕೊಟ್ಟಿದ್ದರು. ಅದನ್ನೂ ಹಿಡಿದು, ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ 24.1.

ಅವರು ಒಂದು ನಿಮಿಷ ಸುಮ್ಮನಿದ್ದು ಕೇಳಿದರು: ‘ಅಂದ್ರೆ ಒಂದು ರೂಪಾಯಿ ಬಡ್ಡಿ ಅಂತ ತಗೊಂಡದ್ದು ಎರಡು ರೂಪಾಯಿ ಬಡ್ಡಿ?’

ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಅನ್ನುವ ಲೆಕ್ಕ ಅದು. ಇಷ್ಟು ವರ್ಷ ನಾನು ‘ವಾರ್ಷಿಕ ಶೇಕಡಾವಾರು’ ಅಂತ ಬರೆದು ಹೇಳಲಾಗದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು.

ಆಮೇಲೆ ದಂಡದ ಕಲಂ. ನನ್ನ ಎಡವಟ್ಟು ಇರುವುದು ಅಲ್ಲಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟಿನ ಮೀನನ್ನೇ ನಂಬಿದ ಅವರ ವ್ಯಾಪಾರ ಆಗ ನೆಲ ಕಚ್ಚುತ್ತದೆ. ಹೋದ ವರ್ಷ ಜೂನ್ ಕಂತಿಗೆ ದುಡ್ಡಿರಲಿಲ್ಲ. ಕರಾರು ತೆಗೆದು ನೋಡಿದ್ದಾರೆ. ನಾನು ಬರೆದದ್ದು ಹೀಗಿತ್ತು: ‘ಕಂತು ತಪ್ಪಿದಲ್ಲಿ ಬಾಕಿ ಮೊತ್ತದ ಮೇಲೆ ತಿಂಗಳಿಗೆ ಶೇಕಡಾ 2ರಂತೆ ದಂಡಬಡ್ಡಿ.’

ಬಾಕಿ ಅಂದರೆ ಯಾವುದು? ಕಟ್ಟದೆ ಉಳಿದ ಒಂದು ಕಂತೂ ಬಾಕಿಯೇ, ಇನ್ನು ತೀರಬೇಕಾದ ಇಡೀ ಸಾಲವೂ ಬಾಕಿಯೇ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಪದ ಇವೆ: ಓವರ್‌ಡ್ಯೂ, ಔಟ್‌ಸ್ಟ್ಯಾಂಡಿಂಗ್. ಮೂಲದಲ್ಲಿದ್ದದ್ದು ಮೊದಲನೆಯದು, ಅಂದರೆ ತಪ್ಪಿದ ಕಂತು ಮಾತ್ರ. ದಂಡ 5,167ರ ಮೇಲೆ ತಿಂಗಳಿಗೆ 103 ರೂಪಾಯಿ, ತಡವಾದ ದಿನಗಳ ಮಾಮೂಲಿ ಬಡ್ಡಿ ಬೇರೆ. ಅವರು ಓದಿಕೊಂಡದ್ದು ಎರಡನೆಯದು. ಆಗ ಉಳಿದಿದ್ದ ಸಾಲ ಸುಮಾರು 86 ಸಾವಿರ. ಅದಕ್ಕೆ ಶೇಕಡಾ 2 ಅಂದರೆ 1,720 ರೂಪಾಯಿ ದಂಡ ಅಂತ ಹೆದರಿದ್ದಾರೆ. ಪಕ್ಕದ ಮನೆಯವರ ಹತ್ತಿರ ನೂರಕ್ಕೆ ಮೂರು ರೂಪಾಯಿಗೆ ಕೈಸಾಲ ಮಾಡಿ ಜೂನ್ ಕಂತು ಕಟ್ಟಿದ್ದಾರೆ. ಜುಲೈ ಕಂತೂ ಹಾಗೇ. 103 ರೂಪಾಯಿ ದಂಡವನ್ನು 1,720 ಅಂದುಕೊಂಡು, ಕಂತೊಂದಕ್ಕೆ ತಿಂಗಳಿಗೆ 155 ರೂಪಾಯಿ ಬಡ್ಡಿ.

ಅದು ನನ್ನ ಅನುವಾದ ಅಂತ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ‘ಹೋಗ್ಲಿ ಬಿಡಿ’ ಅಂದರು. ಬೈದಿದ್ದರೆ ಸ್ವಲ್ಪ ಹಗುರ ಅನಿಸುತ್ತಿತ್ತೇನೋ.

ಅದೇ ಸಾಲಿನಲ್ಲಿ ಇನ್ನೊಂದು ತಪ್ಪೂ ಇದೆ. ‘ದಂಡಬಡ್ಡಿ’ ಅನ್ನುವ ಪದ. 2023ರ ಆಗಸ್ಟ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ನಂತರ ಬ್ಯಾಂಕು, ಫೈನಾನ್ಸ್ ಕಂಪನಿಗಳು ದಂಡವನ್ನು ಬಡ್ಡಿಯಾಗಿ ಹಾಕುವಂತಿಲ್ಲ, ಶುಲ್ಕವಾಗಿ ಮಾತ್ರ ಹಾಕಬಹುದು. ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಳೆಯುವಂತಿಲ್ಲ. ಮೂಲದಲ್ಲಿ ಸರಿಯಾಗಿ ‘ಚಾರ್ಜಸ್’ ಅಂತಲೇ ಇತ್ತು. ನಾನು ಹಳೇ ಅನುವಾದದ ಫೈಲಿನಿಂದ ಕೈರೂಢಿಯಲ್ಲಿ ಎತ್ತಿ ಹಾಕಿದ್ದೆ. ಈಗ ‘ದಂಡ ಶುಲ್ಕ’ ಅಂತ ಬರೆಯುತ್ತೇನೆ. ಬಾಕಿ ಅನ್ನುವುದನ್ನು ಪೂರ್ತಿ ಬಿಟ್ಟಿದ್ದೇನೆ. ‘ತಪ್ಪಿದ ಕಂತಿನ ಮೊತ್ತ’ ಒಂದು, ‘ಇನ್ನು ತೀರಬೇಕಾದ ಅಸಲು’ ಇನ್ನೊಂದು.

ಅವರು ನಿಜವಾಗಿ ಬಂದದ್ದು ಸಾಲ ಚುಕ್ತಾ ಮಾಡುವ ವಿಚಾರಕ್ಕೆ. ಚೀಟಿ ಎತ್ತಿ 52 ಸಾವಿರ ಕೈಯಲ್ಲಿತ್ತು. 12 ಕಂತು ಮುಗಿದಿವೆ, ಅರ್ಧ ತೀರಿತು, ಉಳಿದದ್ದು 50 ಸಾವಿರ, ಮುಂದಿನ ವರ್ಷದ ಬಡ್ಡಿ 12 ಸಾವಿರ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಕಂಪನಿಯ ಚೀಟಿಯಲ್ಲಿ ಇದ್ದದ್ದು ಅಸಲು 55,325, ಅದರ ಮೇಲೆ ಶೇಕಡಾ 4 ಶುಲ್ಕ 2,213. ಒಟ್ಟು 57,538.

‘ಐದು ಸಾವಿರ ಎಲ್ಲಿಂದ ಬಂತು?’

ಇದು ಮೋಸ ಅಲ್ಲ, ಫ್ಲಾಟ್ ದರದ ಒಳಲೆಕ್ಕ. ಒಟ್ಟು ಬಡ್ಡಿ 24,000 ಮೊದಲೇ ಗಟ್ಟಿ, ಆದರೆ ಅದನ್ನು ಕಂತುಗಳಿಗೆ ಹಂಚುವುದು ಇಳಿಯುವ ಅಸಲಿನ ಲೆಕ್ಕದಲ್ಲಿ. ಹಾಗಾಗಿ ಕಂತು ಸಮ ಇದ್ದರೂ ಒಳಗಿನ ಪಾಲು ಸಮ ಇರುವುದಿಲ್ಲ. ಮೊದಲ ಕಂತಿನ 5,167ರಲ್ಲಿ ಬಡ್ಡಿಗೆ ಹೋದದ್ದು ಸುಮಾರು 1,798. ಕೊನೆಯ ಕಂತಿನಲ್ಲಿ ಹೋಗುವುದು ಬರೀ 91. ಬಡ್ಡಿಯ ದೊಡ್ಡ ಭಾಗ ಮೊದಲ ವರ್ಷವೇ ಕಟ್ಟಿ ಆಗಿದೆ. ಉಳಿದ 12 ಕಂತು ಕಟ್ಟಿದರೆ 62,000, ಈಗ ಚುಕ್ತಾ ಮಾಡಿದರೆ 57,538. ಉಳಿಯುವುದು 4,462.

ಈ ಕಲಮನ್ನೂ ನಾನು ‘ಮುಂಗಡ ಪಾವತಿ ಶುಲ್ಕ’ ಅಂತ ಬರೆದಿದ್ದೆ. ಮುಂಗಡ ಅಂದರೆ ನಮ್ಮಲ್ಲಿ ಅಡ್ವಾನ್ಸ್. ಬೋಟಿನವರಿಗೆ ಕೊಡುವುದು, ಶಿರಸಿ ಕಡೆ ಅಡಿಕೆ ವ್ಯಾಪಾರಿ ಕೊಡುವುದು. ‘ಸಾಲ ತಗೊಳ್ಳುವಾಗಲೇ ಮುರಿದ್ರಲ್ಲ, ಅದು ಅಂದ್ಕೊಂಡೆ’ ಅಂದರು. ಈಗ ಅದು ‘ಅವಧಿಗೆ ಮೊದಲೇ ಸಾಲ ತೀರಿಸಿದರೆ ಕೊಡಬೇಕಾದ ಶುಲ್ಕ’. ಉದ್ದವಾಯಿತು, ಆಗಲಿ. ಮನೆ ಸಾಲದಂಥ, ದರ ಏರಿಳಿಯುವ ವೈಯಕ್ತಿಕ ಸಾಲಕ್ಕೆ ಈ ಶುಲ್ಕ ಇಲ್ಲ. 2026ರ ಜನವರಿ 1ರಿಂದ ಮಂಜೂರಾದ ಬದಲಾಗುವ ದರದ ವ್ಯಾಪಾರ ಸಾಲಗಳಲ್ಲೂ ಎಷ್ಟೋ ಸಾಲಗಳಿಗೆ ಇಲ್ಲ. ಇವರದು ದರ ಬದಲಾಗದ ಸಾಲ, ಕರಾರಿನಲ್ಲಿ ಇದ್ದಂತೆ ಕೊಡಲೇಬೇಕು.

ತಿದ್ದಿದ ಅನುವಾದ ಕಂಪನಿಗೆ ಕಳಿಸಿದೆ. ಪದ ಬದಲಿಸಲು ಅವರ ವಕೀಲರು ಒಪ್ಪಿದರು. ನಾನು ಹೊಸದಾಗಿ ಸೇರಿಸಿದ್ದ ‘ಅಸಲು ಇಳಿದರೂ ಬಡ್ಡಿ ಇಳಿಯುವುದಿಲ್ಲ’ ಅನ್ನುವ ಸಾಲನ್ನು ಮಾತ್ರ ಹೊಡೆದು ಹಾಕಿದರು, ಮೂಲದಲ್ಲಿ ಇಲ್ಲದ್ದು ಅಂತ. ಅವರು ಹೇಳಿದ್ದೂ ತಪ್ಪಲ್ಲ. ತಕರಾರು ಬಂದರೆ ಇಂಗ್ಲಿಷ್ ಪ್ರತಿಯೇ ನಿಲ್ಲುತ್ತದೆ ಅಂತ ಕರಾರಿನಲ್ಲೇ ಇದೆ. ಕೊನೆಗೆ ಕರಾರಿಗೆ ಸೇರದ ಒಂದು ಬೇರೆ ಹಾಳೆಗೆ ಒಪ್ಪಿಗೆ ಸಿಕ್ಕಿತು. ಒಂದು ಲಕ್ಷದ ಉದಾಹರಣೆ: ಕೈಗೆ ಬರುವುದೆಷ್ಟು, ಒಟ್ಟು ಕಟ್ಟುವುದೆಷ್ಟು, ಒಂದು ಕಂತು ತಪ್ಪಿದರೆ ಎಷ್ಟು, ಅರ್ಧದಲ್ಲಿ ಚುಕ್ತಾ ಮಾಡಿದರೆ ಎಷ್ಟು. ಎಲ್ಲ ರೂಪಾಯಿಯಲ್ಲಿ, ಶೇಕಡಾ ಇಲ್ಲ.

ಅವರು ಆ ದಿನ ಲೆಕ್ಕದ ಚೀಟಿಯನ್ನು ಮಡಿಸಿ ಬ್ಲೌಸಿಗೆ ಸಿಕ್ಕಿಸಿಕೊಂಡರು. ಜೂನ್, ಜುಲೈ ಕೈಸಾಲದ ಅಸಲು ಇನ್ನೂ ಹಾಗೇ ಇತ್ತಂತೆ, ಹತ್ತು ಸಾವಿರದ ಮೇಲೆ. ‘ಹಂಗಾದ್ರೆ ಮೂರು ರೂಪಾಯಿದು ಮೊದ್ಲು ಹೋಗ್ಲಿ’ ಅಂದು, ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಇಳಿದರು.